ತಾಯಿ ಕಾರ್ಡಿನ ಫೋಟೊ ಎಲ್ಲೆಲ್ಲಿಗೆ ಹೋಗುತ್ತದೆ

ಶಿವಾಜಿನಗರದ ಘೋಷಾ ಆಸ್ಪತ್ರೆಯ ಹೊರರೋಗಿ ವಿಭಾಗದ ಹತ್ತಿರ ಬೆಳಗಿನ ಹೊತ್ತು ನಿಂತರೆ ಹಲವು ಭಾಷೆಗಳು ಕಿವಿಗೆ ಬೀಳುತ್ತವೆ. ದಖನಿ ಉರ್ದು, ತಮಿಳು, ತೆಲುಗು ಈ ದಂಡಿಗೆ ಹಳೆಯವು. ಈಗ ಬಂಗಾಳಿ, ಒಡಿಯಾ, ಅಸ್ಸಾಮಿ, ಬಿಹಾರದ ಹಿಂದಿ ಸೇರಿಕೊಂಡಿವೆ. ಕೆ.ಆರ್. ಪುರದ ಆಚೆ ಏಳುತ್ತಿರುವ ಕಟ್ಟಡಗಳಲ್ಲಿ ಕೆಲಸ ಮಾಡುವವರು, ಇಂದಿರಾನಗರದ ಮನೆಗಳಲ್ಲಿ ಪಾತ್ರೆ ತೊಳೆಯುವವರು ಮಾತಾಡುವ ಭಾಷೆಗಳಿವು. ಆದರೆ ಇವರ ಕೈಗೆ ಸಿಗುವ ಕಾಗದ ಎರಡೇ ಭಾಷೆಯದು. ಗರ್ಭಿಣಿಗೆ ಕೊಡುವ ತಾಯಿ ಕಾರ್ಡ್ ಕನ್ನಡದ್ದು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಡಿಸ್ಚಾರ್ಜ್ ಸಮರಿ ಎಲ್ಲ ಇಂಗ್ಲಿಷಿನವು. ಕನ್ನಡಿಗರಿಗೂ ಈ ಕಷ್ಟ ತಪ್ಪಿದ್ದಲ್ಲ. ಹಲಸೂರಿನಲ್ಲಿ ಹುಟ್ಟಿ ಬೆಳೆದ ಎಪ್ಪತ್ತರ ಅಜ್ಜಿಗೆ ಬೌರಿಂಗ್ ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ ಎಷ್ಟು ಅರ್ಥವಾಗುತ್ತದೋ, ಒಡಿಶಾದ ಹುಡುಗಿಗೆ ತಾಯಿ ಕಾರ್ಡ್ ಅಷ್ಟೇ ಅರ್ಥವಾಗುತ್ತದೆ.

ಆಗ ಎಲ್ಲರೂ ಮಾಡುವುದು ಒಂದೇ. ಮೊಬೈಲ್ ತೆಗೆದು ಫೋಟೊ ಹೊಡೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವುದು. ‘ಅಕ್ಕಾ, ಇದರಲ್ಲಿ ಏನು ಬರೆದಿದೆ, ಸ್ವಲ್ಪ ಹೇಳಿ.’ ಸಹಾಯ ಕೇಳುವುದರಲ್ಲಿ ತಪ್ಪಿಲ್ಲ, ಉತ್ತರ ಹೇಳುವವರ ಮನಸ್ಸಿನಲ್ಲೂ ಕೆಟ್ಟದ್ದಿಲ್ಲ. ಆದರೆ ಅರ್ಥವಾಗಬೇಕಾದ ಸಾಲುಗಳು ನಾಲ್ಕೇ ಇದ್ದಾಗ ಇಡೀ ಕಾಗದ ಊರು ಸುತ್ತಿ ಬರುತ್ತದೆ. ಆ ನಾಲ್ಕು ಸಾಲನ್ನು ಬೇರೆ ಮಾಡಿ ಕಳಿಸುವುದು ಕಷ್ಟದ ಕೆಲಸವಲ್ಲ. ಅದನ್ನು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕೆ.ಆರ್. ಪುರದ ಶೆಡ್ಡೊಂದರಲ್ಲಿ ಗಂಡನ ಜೊತೆ ಇರುವ ಒಡಿಶಾದ ಹೆಣ್ಣುಮಗಳು, ಆರು ತಿಂಗಳ ಗರ್ಭಿಣಿ. ತಪಾಸಣೆಗೆ ಹೋಗಿ ಬಂದಿದ್ದಾಳೆ. ನರ್ಸ್ ಕಾರ್ಡಿನಲ್ಲಿ ಏನೋ ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಆಕೆಗೆ ಗಾಬರಿ. ಗಂಡ ಕಾರ್ಡಿನ ಎಲ್ಲ ಪುಟಗಳ ಫೋಟೊ ತೆಗೆದು, ಕಾರ್ಡಿಗೆ ಪಿನ್ ಮಾಡಿದ್ದ ಲ್ಯಾಬ್ ಚೀಟಿಯನ್ನೂ ಸೇರಿಸಿ, ಕೆಲಸದ ಜಾಗದ ಗ್ರೂಪಿಗೆ ಹಾಕುತ್ತಾನೆ. ಮೇಸ್ತ್ರಿ, ಸೆಕ್ಯುರಿಟಿಯವರು, ಮನೆ ಕೊಡಿಸಿದ ಏಜೆಂಟ್, ಊರಿನ ಹುಡುಗರು ಎಲ್ಲರೂ ಅದರಲ್ಲಿದ್ದಾರೆ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ 1024 ಜನರವರೆಗೆ ಇರಬಹುದು. ಇದರಲ್ಲಿ ಇನ್ನೂರು ಜನ ಎಂದುಕೊಳ್ಳಿ.

ಆಕೆಗೆ ನಿಜವಾಗಿ ತಿಳಿಯಬೇಕಾಗಿದ್ದದ್ದು ಇಷ್ಟು. ಹಿಮೋಗ್ಲೋಬಿನ್ 8.6 ಇದೆ, ರಕ್ತ ಕಡಿಮೆ. ಹಾಗಾಗಿ ಕಬ್ಬಿಣಾಂಶದ ಮಾತ್ರೆ ದಿನಕ್ಕೆ ಒಂದರ ಬದಲು ಎರಡು ತೆಗೆದುಕೊಳ್ಳಬೇಕು. ಅದನ್ನು ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಬಾರದು, ನಡುವೆ ಎರಡು ಗಂಟೆಯಾದರೂ ಅಂತರ ಇರಬೇಕು. ಮುಂದಿನ ತಪಾಸಣೆ ಇಂಥ ತಾರೀಕಿಗೆ. ಇಷ್ಟೂ ವಿಷಯ ಕಾರ್ಡಿನ ಒಂದೇ ಪುಟದ ಒಂದೇ ಮೂಲೆಯಲ್ಲಿತ್ತು.

ಗ್ರೂಪಿಗೆ ಹೋದದ್ದನ್ನು ನೋಡಿ. ಮೊದಲ ಪುಟದಲ್ಲಿ ಹೆಂಡತಿ, ಗಂಡ ಇಬ್ಬರ ಹೆಸರು, ಮನೆ ವಿಳಾಸ, ಮೊಬೈಲ್ ನಂಬರ್, ಸರ್ಕಾರದ ದಾಖಲೆಯಲ್ಲಿ ಈ ಬಸಿರನ್ನು ಗುರುತಿಸುವ ಆರ್‌ಸಿಎಚ್ ಸಂಖ್ಯೆ. ಹೆರಿಗೆ ಸಹಾಯಧನಕ್ಕೆಂದು ಬರೆಸಿದ ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ. ಒಳಪುಟದಲ್ಲಿ ಚಿಕ್ಕದಾಗಿ ‘G2 P0 A1’ ಎಂಬ ಬರಹ. ಓದಲು ಬಾರದವರಿಗೆ ಅದು ಯಾವುದೋ ಕೋಡ್. ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡಿದವರಿಗೂ ಗೊತ್ತು: ಇದು ಎರಡನೆಯ ಬಸಿರು, ಹಿಂದಿನದ್ದು ನಿಲ್ಲಲಿಲ್ಲ. ತಾನಾಗಿ ಹೋದ ಗರ್ಭಕ್ಕೂ ಆಸ್ಪತ್ರೆಯಲ್ಲಿ ತೆಗೆಸಿದ ಗರ್ಭಕ್ಕೂ ಆ ‘A’ ಒಂದೇ. ಗ್ರೂಪಿನಲ್ಲಿರುವವರು ಯಾವುದೆಂದು ಊಹಿಸುತ್ತಾರೆ ಎಂಬುದನ್ನು ನಾನು ಹೇಳಬೇಕಿಲ್ಲ. ಅತ್ತೆಗೆ ಗೊತ್ತಿಲ್ಲದ ವಿಷಯ ಅದಾಗಿರಬಹುದು. ಮದುವೆಗೆ ಮುಂಚಿನದ್ದೂ ಆಗಿರಬಹುದು.

ಲ್ಯಾಬ್ ಚೀಟಿಯ ಕಥೆ ಇದಕ್ಕಿಂತ ಸೂಕ್ಷ್ಮ. ಸರ್ಕಾರಿ ಆಸ್ಪತ್ರೆಯಲ್ಲಿ ಪ್ರತಿ ಗರ್ಭಿಣಿಗೂ ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆ ಮಾಡುತ್ತಾರೆ. ಯಾವ ಆಸ್ಪತ್ರೆಯಲ್ಲೇ ಆಗಲಿ, ಆಪರೇಷನ್‌ಗೆ ಮುಂಚೆಯೂ ಎಚ್‌ಐವಿ ಮತ್ತು ಹೆಪಟೈಟಿಸ್ ಪರೀಕ್ಷೆ ವಾಡಿಕೆ. ಹರ್ನಿಯಾ ಆಪರೇಷನ್ ಆಗಿ ಮನೆಗೆ ಬಂದವರ ಡಿಸ್ಚಾರ್ಜ್ ಸಮರಿಯ ನಡುವಿನಲ್ಲೂ ಆ ಸಾಲು ಇರುತ್ತದೆ. ‘ಊಟದಲ್ಲಿ ಏನು ಬಿಡಬೇಕು ಅಂತ ಬರೆದಿದ್ದಾರೆ, ನೋಡಿ’ ಎಂದು ಪುಟವಿಡೀ ಕಳಿಸಿದವರು ತಮ್ಮ ಎಚ್‌ಐವಿ ಫಲಿತಾಂಶವನ್ನೂ ಕಳಿಸಿರುತ್ತಾರೆ. ಫಲಿತಾಂಶ ನೆಗೆಟಿವ್ ಆಗಿದ್ದರೂ ‘ಇವರಿಗೆ ಆ ಟೆಸ್ಟ್ ಯಾಕೆ ಮಾಡಿಸಿದ್ರು’ ಎಂಬ ಪ್ರಶ್ನೆ ಹುಟ್ಟುತ್ತದೆ. ಪಾಸಿಟಿವ್ ಆಗಿದ್ದರೆ ಮನೆ, ಕೆಲಸ ಎರಡೂ ಹೋಗಬಹುದು.

ಕಾನೂನು ಇಲ್ಲಿ ವೈದ್ಯರ ಬಾಯಿಗೆ ಬೀಗ ಹಾಕಿದೆ. ಒಬ್ಬರ ಎಚ್‌ಐವಿ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಡಹುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ತಡೆಯುತ್ತದೆ. ಗರ್ಭಪಾತ ಮಾಡಿಸಿಕೊಂಡ ಹೆಣ್ಣಿನ ಗುರುತನ್ನು ವೈದ್ಯರು ಬಿಟ್ಟುಕೊಡಬಾರದೆಂದು 2021ರಲ್ಲಿ ಗರ್ಭಪಾತ ಕಾಯ್ದೆಗೆ ತಿದ್ದುಪಡಿ ಆಗಿದೆ. ಆಸ್ಪತ್ರೆ ಇಷ್ಟು ಕಟ್ಟುನಿಟ್ಟಾಗಿ ಕಾಯಬೇಕಾದ ಗುಟ್ಟು ಅನುವಾದದ ನೆಪದಲ್ಲಿ ಮನೆಯವರ ಮೊಬೈಲಿನಿಂದಲೇ ಹೊರಗೆ ಹೋಗುತ್ತದೆ.

ಆ ಫೋಟೊ ಈಗ ಎಲ್ಲೆಲ್ಲಿದೆ? ತೆಗೆದವನ ಗ್ಯಾಲರಿಯಲ್ಲಿ ಒಂದು. ಬ್ಯಾಕಪ್ ಚಾಲೂ ಇದ್ದರೆ ಅವನ ಗೂಗಲ್ ಖಾತೆಯಲ್ಲಿ ಇನ್ನೊಂದು. ಮೊಬೈಲ್ ಮಾರಿದರೂ, ಕಳೆದುಹೋದರೂ ಅದು ಅಲ್ಲೇ ಉಳಿಯುತ್ತದೆ. ಆ ಖಾತೆ ತೆರೆದುಕೊಟ್ಟದ್ದು ಮೊಬೈಲ್ ಅಂಗಡಿಯ ಹುಡುಗ, ಪಾಸ್‌ವರ್ಡ್ ಅವನಿಗೂ ಗೊತ್ತು ಎಂಬ ಸ್ಥಿತಿ ಅಪರೂಪವಲ್ಲ. ಗ್ರೂಪಿನ ಇನ್ನೂರು ಜನರಲ್ಲಿ ಯಾರ ಫೋನಿನಲ್ಲಿ ಚಿತ್ರಗಳು ತಾವಾಗಿಯೇ ಡೌನ್‌ಲೋಡ್ ಆಗುತ್ತವೋ ಅವರೆಲ್ಲರ ಗ್ಯಾಲರಿಯಲ್ಲಿ ಒಂದೊಂದು. ಅವರ ಮಕ್ಕಳು ಆಟವಾಡುವ ಫೋನೂ ಅದೇ. ವಾಟ್ಸ್‌ಆ್ಯಪ್ ಸಂದೇಶವನ್ನು ದಾರಿಯಲ್ಲಿ ಯಾರೂ ಓದಲಾಗದು ಎಂಬುದು ನಿಜ. ಆ ಬೀಗ ದಾರಿಗೆ ಮಾತ್ರ. ತಲುಪಿದ ಮೇಲೆ ಅದು ಯಾರ ಫೋನಿನಲ್ಲಿದೆಯೋ ಅವರ ಸೊತ್ತು.

ಇದರಿಂದ ಆಗುವ ಅನಾಹುತದಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಹ್ಯಾಕಿಂಗ್ ಅಲ್ಲ, ಒಂದು ಫೋನ್ ಕರೆ. ‘ಅಮ್ಮಾ, ಮಾತೃ ವಂದನಾ ಹಣ ಮಂಜೂರಾಗಿದೆ. ನಿಮ್ಮ ಹೆಸರು ಇದೇ ಅಲ್ವಾ, ಗಂಡನ ಹೆಸರು ಇದು, ಆರನೇ ತಿಂಗಳು, ಖಾತೆ ಇಂಥ ಬ್ಯಾಂಕಿನಲ್ಲಿದೆ. ಮೊಬೈಲಿಗೆ ಬಂದ ನಂಬರ್ ಹೇಳಿ.’ ಇಷ್ಟೆಲ್ಲ ಸರಿಯಾಗಿ ಹೇಳಿದ ಮೇಲೆ ಕರೆ ಸುಳ್ಳೆಂದು ಆಕೆ ಹೇಗೆ ತಿಳಿಯಬೇಕು? ವಂಚಕನಿಗೆ ಬೇಕಾಗಿರುವುದು ನಂಬಿಕೆ. ಅದನ್ನು ಹುಟ್ಟಿಸುವ ವಿವರಗಳೆಲ್ಲ ಒಂದೇ ಪುಟದಲ್ಲಿ ಅವನಿಗೆ ಸಿಕ್ಕಿವೆ.

ಗುರುತಿನ ಚೀಟಿಯ ವಿಷಯಕ್ಕೆ ಬರೋಣ. ಆಧಾರ್ ಫೋಟೊ ಅಷ್ಟು ಅಪಾಯವೇ ಎಂದು ಕೇಳುವವರಿಗೆ ಬೆಂಗಳೂರಿನದೇ ಒಂದು ಘಟನೆ ಇದೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತು. ಆಧಾರ್ ಜೆರಾಕ್ಸನ್ನು ಯಾವ ಸಂಸ್ಥೆಗೂ ಸುಮ್ಮನೆ ಕೊಡಬೇಡಿ, ದುರುಪಯೋಗ ಆಗಬಹುದು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ. ಸೈಬರ್ ಸೆಂಟರಿನಲ್ಲಿ ಇ-ಆಧಾರ್ ಡೌನ್‌ಲೋಡ್ ಮಾಡಿದರೆ ಆ ಕಂಪ್ಯೂಟರಿನಿಂದ ಎಲ್ಲ ಪ್ರತಿಗಳನ್ನೂ ಅಳಿಸಿ ಎಂದು ಅದರಲ್ಲಿತ್ತು. ದೇಶವೆಲ್ಲ ಗದ್ದಲವಾಯಿತು. ಎರಡು ದಿನಕ್ಕೆ, ಮೇ 29ರಂದು, ತಪ್ಪು ಅರ್ಥ ಬರಬಹುದೆಂದು ಕೇಂದ್ರ ಸರ್ಕಾರ ಪ್ರಕಟಣೆಯನ್ನು ವಾಪಸ್ ಪಡೆಯಿತು. ಫೋಟೊಶಾಪ್‌ನಲ್ಲಿ ತಿದ್ದಿದ ಆಧಾರ್ ಕಾರ್ಡನ್ನು ಬಳಸುವ ಪ್ರಯತ್ನ ನಡೆದದ್ದೇ ಆ ಪ್ರಕಟಣೆಗೆ ಕಾರಣ ಎಂಬ ವಿವರಣೆಯೂ ಬಂತು. ಪ್ರಕಟಣೆ ಹೋಯಿತು, ಕಾರಣ ಉಳಿಯಿತು. ಒಳ್ಳೆಯ ಬೆಳಕಿನಲ್ಲಿ ತೆಗೆದ ಕಾರ್ಡಿನ ಫೋಟೊ ಸಿಕ್ಕರೆ ಮುಖ ಬದಲಿಸಿ ಇನ್ನೊಂದು ಕಾರ್ಡ್ ಮಾಡುವುದು ಡಿಟಿಪಿ ಬಲ್ಲವರಿಗೆ ಕಷ್ಟವಲ್ಲ. ನೋಡಿದಷ್ಟಕ್ಕೇ ನಂಬುವ ಲಾಡ್ಜು, ಪಿ.ಜಿ.ಗಳಲ್ಲಿ ಅದು ನಡೆದುಬಿಡುತ್ತದೆ.

ಮರುವರ್ಷ, 2023ರಲ್ಲಿ, ಇನ್ನೊಂದು ಪಾಠ ಮಂಗಳೂರಿನಿಂದ ಬಂತು. ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಒಟಿಪಿಯೂ ಇಲ್ಲದೆ ಹಣ ಹೋಗತೊಡಗಿತು. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ನಕಲು ಮಾಡಿ, ಆಧಾರ್ ಮೂಲಕ ಹಣ ತೆಗೆಯುವ ಎಇಪಿಎಸ್ ವ್ಯವಸ್ಥೆಯಲ್ಲಿ ಬಳಸಿದ್ದರು. ಬಿಹಾರದವರ ಬಂಧನವೂ ಆಯಿತು. ಬರೀ ಆಧಾರ್ ಫೋಟೊದಿಂದ ಹೀಗೆ ಹಣ ತೆಗೆಯಲಾಗದು, ಬೆರಳಚ್ಚು ಬೇಕು, ಬ್ಯಾಂಕ್ ಯಾವುದೆಂದು ಗೊತ್ತಿರಬೇಕು. ಆದರೆ ಒಂದೊಂದು ತುಣುಕು ಒಂದೊಂದು ಕಡೆಯಿಂದ ಸಿಗುತ್ತದೆ, ಜೋಡಿಸುವವನು ಜೋಡಿಸುತ್ತಾನೆ. ಆಧಾರ್ ಸಂಖ್ಯೆ ಪಾಸ್‌ವರ್ಡಿನ ಹಾಗೆ ಬದಲಾಗುವುದಿಲ್ಲ ಎಂಬುದೂ ನೆನಪಿರಲಿ.

ಇಷ್ಟಾಗಿಯೂ ಆಧಾರ್ ಕಾರ್ಡನ್ನು ಅನುವಾದಕ್ಕೆ ಕಳಿಸುವ ಅಗತ್ಯವೇ ಬಹುಮಟ್ಟಿಗೆ ಇಲ್ಲ. ಕರ್ನಾಟಕದ ಕಾರ್ಡಿನಲ್ಲಿ ಕನ್ನಡದ ಜೊತೆ ಇಂಗ್ಲಿಷ್, ಬಂಗಾಳದ ಕಾರ್ಡಿನಲ್ಲಿ ಬಂಗಾಳಿಯ ಜೊತೆ ಇಂಗ್ಲಿಷ್ ಇದ್ದೇ ಇರುತ್ತದೆ. ‘ಈ ಫಾರಂ ತುಂಬಿಕೊಡಿ’ ಎಂದು ಕೇಳುವಾಗ ಆಧಾರ್ ಫೋಟೊ ಕಳಿಸುವವರೇ ಹೆಚ್ಚು. ಅಲ್ಲಿ ಬೇಕಾಗುವುದು ಹೆಸರಿನ ಸ್ಪೆಲ್ಲಿಂಗ್ ಮತ್ತು ವಿಳಾಸ. ಅಷ್ಟನ್ನು ಫೋನಿನಲ್ಲೇ ಓದಿ ಹೇಳಬಹುದು. ಸಂಖ್ಯೆಯನ್ನು ಕೊನೆಗೆ, ಫಾರಂ ನಿಮ್ಮ ಕೈಗೆ ಬಂದ ಮೇಲೆ, ನೀವೇ ಬರೆಯಬಹುದು. ಕಾಗದವೇ ಬೇಕೆಂದರೆ myaadhaar.uidai.gov.in ತಾಣದಲ್ಲಿ ಡೌನ್‌ಲೋಡ್ ಮಾಡುವಾಗ Do you want a masked Aadhaar? ಎಂಬ ಚೌಕಕ್ಕೆ ಗುರುತು ಹಾಕಿದರೆ ಮೊದಲ ಎಂಟು ಅಂಕಿ ಮುಚ್ಚಿದ ಪ್ರತಿ ಸಿಗುತ್ತದೆ. ಆ ಕಡತ ತೆರೆಯುವ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ. ನಿಮ್ಮನ್ನು ಬಲ್ಲ ಯಾರಿಗೂ ಅದು ಗೊತ್ತಿರುವುದರಿಂದ ಆ ಬೀಗವನ್ನು ನಂಬಿಕೊಂಡು ಕಡತ ಹಂಚಬೇಡಿ.

ಕೆಲವರು ಜಾಣತನದಿಂದ ಸಂಖ್ಯೆಯ ಮೇಲೆ ಬೆರಳಿಟ್ಟು ಫೋಟೊ ತೆಗೆಯುತ್ತಾರೆ, ಪಕ್ಕದ ಕ್ಯೂಆರ್ ಚೌಕವನ್ನು ಹಾಗೇ ಬಿಡುತ್ತಾರೆ. ಆ ಚೌಕವನ್ನು ಸ್ಕ್ಯಾನ್ ಮಾಡಿದರೆ ಹೆಸರು, ಹುಟ್ಟಿದ ದಿನ, ವಿಳಾಸ ಸಿಗುತ್ತವೆ. ಹೊಸ ಕಾರ್ಡುಗಳಲ್ಲಿ ಮುಖದ ಚಿತ್ರವೂ ಅದರೊಳಗಿದೆ. ಹಳೆಯ ಕಾರ್ಡಿನ ಕ್ಯೂಆರ್‌ನಲ್ಲಂತೂ ಹನ್ನೆರಡು ಅಂಕಿಯೂ ಪೂರ್ತಿ ಇತ್ತು. ಲ್ಯಾಬ್ ವರದಿಯ ಮೇಲಿನ ಕ್ಯೂಆರ್ ಚೌಕವೂ ಇಂಥದ್ದೇ. ಕೆಲವು ಲ್ಯಾಬುಗಳಲ್ಲಿ ಅದು ನೇರವಾಗಿ ಪೂರ್ತಿ ವರದಿಯನ್ನೇ ತೆರೆಯುತ್ತದೆ. ಯಾವ ಕಾಗದವೇ ಆಗಲಿ, ಮೊದಲು ಮುಚ್ಚಬೇಕಾದದ್ದು ಕ್ಯೂಆರ್ ಮತ್ತು ಬಾರ್‌ಕೋಡ್.

ಹೆಸರು ಮುಚ್ಚಿದೆ, ಇನ್ನೇನು ಎನ್ನುವವರೂ ಇದ್ದಾರೆ. 2020ರ ಮಾರ್ಚ್‌ನಲ್ಲಿ ವಿದೇಶದಿಂದ ಬಂದು ಮನೆಯಲ್ಲೇ ಪ್ರತ್ಯೇಕವಾಗಿದ್ದವರ ವಿಳಾಸಗಳ ಪಟ್ಟಿಯನ್ನು ಕರ್ನಾಟಕ ಸರ್ಕಾರ ಪ್ರಕಟಿಸಿದ್ದು ಬೆಂಗಳೂರಿಗರಿಗೆ ನೆನಪಿರಬೇಕು. ಪಟ್ಟಿ ಗಂಟೆಗಳೊಳಗೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. ಯಾವ ಬೀದಿ, ಯಾವ ಮನೆ ಎಂದು ಗೊತ್ತಾದ ಮೇಲೆ ಅಕ್ಕಪಕ್ಕದವರು ಆ ಮನೆಯವರನ್ನು ನೋಡುವ ರೀತಿಯೇ ಬದಲಾಯಿತು. ಒಬ್ಬರನ್ನು ಪತ್ತೆ ಹಚ್ಚಲು ಮನೆ ನಂಬರ್ ಸಾಕು. ಗ್ರೂಪಿನಲ್ಲಿ ಫೋಟೊ ಹಾಕಿದವರು ಯಾರೆಂದು ಹೇಗೂ ಕಾಣುತ್ತದೆ, ‘ನಮ್ಮ ತಂಗಿಯದು’ ಎಂದು ಬರೆದಿದ್ದರೆ ಹೆಸರು ಮುಚ್ಚಿ ಏನೂ ಉಪಯೋಗವಿಲ್ಲ. ಆರೋಗ್ಯದ ಕಾಗದ ಗ್ರೂಪಿಗೆ ಬೇಡ, ಒಬ್ಬರಿಗೆ ಮಾತ್ರ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಮನುಷ್ಯರೇ ಬೇಡ, ಆ್ಯಪ್‌ನಲ್ಲೇ ಅನುವಾದ ಮಾಡಿಕೊಳ್ಳುತ್ತೇನೆ ಎಂದರೆ? ಅದು ಗ್ರೂಪಿಗಿಂತ ಎಷ್ಟೋ ವಾಸಿ, ಆದರೆ ಯಾವ ಆ್ಯಪ್ ಎಂದು ನೋಡಬೇಕು. 2017ರ ಸೆಪ್ಟೆಂಬರ್‌ನಲ್ಲಿ ನಾರ್ವೆಯ ಸರ್ಕಾರಿ ಪ್ರಸಾರ ಸಂಸ್ಥೆ ಎನ್‌ಆರ್‌ಕೆ ಒಂದು ಸುದ್ದಿ ಮಾಡಿತು. Translate.com ಎಂಬ ಉಚಿತ ತಾಣದಲ್ಲಿ ಜನ ಅನುವಾದಕ್ಕೆ ಹಾಕಿದ್ದ ಬರಹಗಳು ಗೂಗಲ್‌ನಲ್ಲಿ ಹುಡುಕಿದರೆ ಯಾರಿಗೆ ಬೇಕಾದರೂ ಸಿಗುತ್ತಿದ್ದವು. ಅಲ್ಲಿನ ತೈಲ ಕಂಪನಿ ಸ್ಟಾಟೊಯಿಲ್‌ನ ಒಳಕಾಗದಗಳು, ಕೆಲಸದಿಂದ ತೆಗೆದ ಪತ್ರಗಳು, ಪಾಸ್‌ವರ್ಡುಗಳು ಹಾಗೆ ಬಯಲಾಗಿದ್ದವು. ಉಚಿತ ಎಂದು ಹುಡುಕಿದಾಗ ಮೊದಲು ಸಿಗುವ ಯಾವುದೋ ತಾಣಕ್ಕೆ ರಿಪೋರ್ಟನ್ನು ಅಪ್‌ಲೋಡ್ ಮಾಡಿದರೆ ಅದು ಎಲ್ಲಿ ಉಳಿಯುತ್ತದೆಂದು ಹೇಳುವವರಿಲ್ಲ. ಗೂಗಲ್ ಟ್ರಾನ್ಸ್‌ಲೇಟ್ ಆ್ಯಪ್‌ನಲ್ಲಿ ಕನ್ನಡ, ಹಿಂದಿ, ಬಂಗಾಳಿ, ತಮಿಳು, ಉರ್ದು ಭಾಷೆಗಳನ್ನು ಫೋನಿಗೇ ಇಳಿಸಿಕೊಳ್ಳುವ ಅನುಕೂಲವಿದೆ. ಇಳಿಸಿಕೊಂಡ ಮೇಲೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಬೇಕಾದ ಸಾಲನ್ನು ಟೈಪ್ ಮಾಡಿ. ಅನುವಾದ ಬಂದರೆ ಕೆಲಸ ಫೋನಿನೊಳಗೇ ಆಗುತ್ತಿದೆ, ಆಗ ಹೊರಗೆ ಏನೂ ಹೋಗುತ್ತಿಲ್ಲ. ಕ್ಯಾಮೆರಾದಿಂದ ಮಾಡುವ ಅನುವಾದವನ್ನೂ ಹೀಗೇ ಪರೀಕ್ಷಿಸಿ. ಇಂಟರ್‌ನೆಟ್ ಇಲ್ಲದೆ ಅದು ನಡೆಯದಿದ್ದರೆ ಫೋಟೊ ಕಂಪನಿಯ ಕಂಪ್ಯೂಟರಿಗೆ ಹೋಗುತ್ತಿದೆ ಎಂದು ತಿಳಿದುಕೊಳ್ಳಿ.

ಟೈಪ್ ಮಾಡುವುದಕ್ಕೆ ಒಂದು ಮಿತಿ ಇದೆ. ಕನ್ನಡ ಲಿಪಿಯೇ ಬಾರದ ಒಡಿಶಾದ ಗಂಡನಿಗೆ ತಾಯಿ ಕಾರ್ಡಿನ ಸಾಲನ್ನು ಟೈಪ್ ಮಾಡಲಾಗದು, ಓದಿ ಹೇಳಲೂ ಆಗದು. ಅವನಿಗೆ ಫೋಟೊ ಬೇಕೇ ಬೇಕು. ಹಾಗಾದರೆ ಫೋಟೊ ತೆಗೆಯುವ ಮುಂಚೆಯೇ ಮುಚ್ಚಬೇಕು. ಬೇಡದ ಪುಟಗಳನ್ನು ತೆಗೆಯಲೇ ಬೇಡಿ. ಬೇಕಾದ ಪುಟವನ್ನು ಮೇಜಿನ ಮೇಲೆ ಹರಡಿ, ಬಿಳಿ ಹಾಳೆಯನ್ನು ಮಡಚಿ ಹೆಸರಿನ ಪಟ್ಟಿಯ ಮೇಲಿಡಿ, ಇನ್ನೊಂದು ತುಂಡನ್ನು ಬೇಡವಾದ ಪರೀಕ್ಷೆಗಳ ಸಾಲಿನ ಮೇಲಿಡಿ. ಹಾಳೆ ತೆಳುವಾಗಿದ್ದರೆ ಎರಡು ಮಡಿಕೆ ಮಾಡಿ, ಇಲ್ಲದಿದ್ದರೆ ಕೆಳಗಿನ ಅಕ್ಷರ ಕಾಣುತ್ತದೆ. ಆಮೇಲೆ ಹತ್ತಿರದಿಂದ ಫೋಟೊ ತೆಗೆಯಿರಿ. ತೆಗೆದ ಚಿತ್ರವನ್ನು ಪೂರ್ತಿ ದೊಡ್ಡದು ಮಾಡಿ ನಾಲ್ಕು ಮೂಲೆಯನ್ನೂ ನೋಡಿ. ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಹೆಸರೂ ರೋಗಿಯ ನಂಬರೂ ಮತ್ತೊಮ್ಮೆ ಅಚ್ಚಾಗಿರುವುದು ಲ್ಯಾಬ್ ವರದಿಗಳಲ್ಲಿ ಸಾಮಾನ್ಯ.

ಪೂರ್ತಿ ಫೋಟೊ ತೆಗೆದು ಆಮೇಲೆ ಫೋನಿನಲ್ಲಿ ಕಪ್ಪು ಗೀಚುವುದನ್ನು ನಾನು ಒಪ್ಪುವುದಿಲ್ಲ. ಫೋನಿನ ಹೈಲೈಟರ್ ಪೆನ್ನಿನ ಕಪ್ಪು ಅರೆಪಾರದರ್ಶಕ. ಚಿತ್ರದ ಬೆಳಕು ಹೆಚ್ಚಿಸಿದರೆ ಕೆಳಗಿನ ಅಂಕಿಗಳು ಎದ್ದುಬರುತ್ತವೆ. ಕತ್ತರಿಸಿದ ಚಿತ್ರವೂ ಕೈಕೊಟ್ಟ ಉದಾಹರಣೆಯಿದೆ. 2023ರ ಮಾರ್ಚ್‌ನಲ್ಲಿ ಗೂಗಲ್ ಪಿಕ್ಸೆಲ್ ಫೋನುಗಳ ಚಿತ್ರ ತಿದ್ದುವ ಸಾಧನದಲ್ಲಿ ಒಂದು ದೋಷ ಬಯಲಾಯಿತು. ಅದರಲ್ಲಿ ಕತ್ತರಿಸಿ ಬಿಟ್ಟ ಭಾಗ ಕಡತದೊಳಗೇ ಉಳಿದು, ಬಲ್ಲವರು ಅದನ್ನು ಮತ್ತೆ ಹೊರತೆಗೆಯಬಹುದಿತ್ತು. ಮೂಲ ಫೋಟೊ ಗ್ಯಾಲರಿಯಲ್ಲಿ ಉಳಿಯುವುದಂತೂ ಇದ್ದೇ ಇದೆ. ಕಾಗದದಿಂದ ಮುಚ್ಚಿ ತೆಗೆದ ಫೋಟೊದೊಳಗೆ ಆ ಅಕ್ಷರಗಳು ಹೋಗಿಯೇ ಇರುವುದಿಲ್ಲ.

ಹಾಗೆಂದು ಎಲ್ಲವನ್ನೂ ಮುಚ್ಚಿದರೆ ತಪ್ಪು ಅರ್ಥ ಬರುತ್ತದೆ. ಅಂಕಿಯ ಪಕ್ಕದ ಅಳತೆ, ಮಾತ್ರೆಯ ಹೆಸರಿನ ಪಕ್ಕದ 500 ಎಂಬ ಅಂಕಿ, 1-0-1 ಎಂಬ ಗುರುತು, ಎಡ ಬಲ ಎಂಬ ಮಾತು, ತಾರೀಕು ಇವೆಲ್ಲ ಕಾಣಲೇಬೇಕು. ವಯಸ್ಸು, ಗಂಡೋ ಹೆಣ್ಣೋ ಎಂಬುದು ಫಲಿತಾಂಶದ ಅರ್ಥವನ್ನೇ ಬದಲಿಸುತ್ತದೆ. ಹಿಮೋಗ್ಲೋಬಿನ್ 11.2 ಇದ್ದರೆ ಲ್ಯಾಬ್ ಚೀಟಿ ಅದನ್ನು ಕಡಿಮೆ ಎಂದು ತೋರಿಸಬಹುದು, ಏಕೆಂದರೆ ಅಲ್ಲಿ ಅಚ್ಚಾಗಿರುವುದು ಸಾಮಾನ್ಯ ಹೆಂಗಸರ ಮಟ್ಟವಾದ 12. ಗರ್ಭಿಣಿಗೆ 11 ಇದ್ದರೆ ಸಾಕು. ಹೀಗಾಗಿ ಹೆಸರು ಮುಚ್ಚಿ, ‘ಆರು ತಿಂಗಳ ಗರ್ಭಿಣಿ, ವಯಸ್ಸು 24’ ಎಂದು ಜೊತೆಯಲ್ಲಿ ಬರೆದು ಕಳಿಸುವುದು ಸರಿ.

ಕಳಿಸುವುದು ಯಾರಿಗೆ? ತಾಯಿ ಕಾರ್ಡಿನ ವಿಷಯದಲ್ಲಿ ಆ ಬೀದಿಯ ಆಶಾ ಕಾರ್ಯಕರ್ತೆಗಿಂತ ಒಳ್ಳೆಯ ಅನುವಾದಕರಿಲ್ಲ. ಅವರಿಗೆ ಆ ಮಾಹಿತಿ ಹೇಗೂ ಗೊತ್ತಿದೆ, ಕಾರ್ಡಿನ ಗುರುತುಗಳ ಅರ್ಥವೂ ಗೊತ್ತಿದೆ. ಭಾಷೆ ಬಾರದಿದ್ದರೆ ಊರಿನ ನಂಬಿಕೆಯ ಒಬ್ಬರನ್ನು ಫೋನಿನ ಸ್ಪೀಕರಿನಲ್ಲಿ ಹಿಡಿದುಕೊಂಡು ಆಶಾ ಅವರ ಎದುರು ಕೂತರೆ ಮೂವರೂ ಮಾತಾಡಬಹುದು, ಚಿತ್ರ ಎಲ್ಲಿಗೂ ಹೋಗುವುದಿಲ್ಲ. ಮಾತ್ರೆಯ ಚೀಟಿಯನ್ನು ಔಷಧಿ ಕೊಡುವ ಕಿಟಕಿಯಲ್ಲೇ ಕೇಳಿ. 1-0-1 ಎಂದರೆ ಬೆಳಿಗ್ಗೆ ಒಂದು ರಾತ್ರಿ ಒಂದು ಎಂದು ಹೇಳಲು ಅವರಿಗೆ ಒಂದು ನಿಮಿಷ ಬೇಡ. ಎಚ್‌ಐವಿ ಪರೀಕ್ಷೆಯ ವಿಷಯವಾದರೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಆಪ್ತಸಮಾಲೋಚಕರನ್ನು ಬಿಟ್ಟು ಬೇರೆಯವರ ಬಳಿ ಹೋಗಲೇಬಾರದು. ದೂರದಲ್ಲಿರುವ ಒಬ್ಬರಿಗೆ ಕಳಿಸಲೇಬೇಕಾದರೆ ವಾಟ್ಸ್‌ಆ್ಯಪ್‌ನಲ್ಲಿ ಒಮ್ಮೆ ಮಾತ್ರ ತೆರೆಯುವಂತೆ ಕಳಿಸುವ ಅನುಕೂಲವಿದೆ. ಫೋಟೊ ಆರಿಸಿದ ಮೇಲೆ ಬರೆಯುವ ಜಾಗದ ಪಕ್ಕ ಕಾಣುವ ‘1’ ಗುರುತನ್ನು ಒತ್ತಿದರಾಯಿತು. ಅದು ಅವರ ಗ್ಯಾಲರಿಯಲ್ಲಿ ಉಳಿಯುವುದಿಲ್ಲ. ಇನ್ನೊಂದು ಫೋನಿನಿಂದ ಚಿತ್ರ ತೆಗೆಯುವವರನ್ನು ಅದೂ ತಡೆಯದು, ಆದ್ದರಿಂದ ಆಳು ನೋಡಿ ಕಳಿಸಿ.

ಇನ್ನು ಜೆರಾಕ್ಸ್ ಅಂಗಡಿ. ಕೆ.ಆರ್. ಪುರದ ತಾಲ್ಲೂಕು ಕಚೇರಿಯಂಥ ಜಾಗಗಳ ಆಸುಪಾಸು, ಮೇಯೋ ಹಾಲ್ ನ್ಯಾಯಾಲಯದ ಹತ್ತಿರ, ಆಸ್ಪತ್ರೆಗಳ ಎದುರು ಇಂಥ ಅಂಗಡಿಗಳಿವೆ. ಟೈಪಿಂಗ್, ಅನುವಾದ, ನೋಟರಿ ಎಲ್ಲ ಒಂದೇ ಕಡೆ. ಗೋಡೆಯ ಮೇಲೆ ಅಂಟಿಸಿದ ನಂಬರಿಗೆ ಫೋಟೊ ಕಳಿಸಬೇಕು, ಅಂಗಡಿಯವರು ಕಂಪ್ಯೂಟರಿನಲ್ಲಿ ತೆರೆದಿಟ್ಟ ವಾಟ್ಸ್‌ಆ್ಯಪ್‌ನಿಂದ ಇಳಿಸಿ ಪ್ರಿಂಟ್ ಕೊಡುತ್ತಾರೆ. ಹೀಗೆ ಇಳಿಸಿದ್ದೆಲ್ಲ Downloads ಎಂಬ ಕೋಶದಲ್ಲಿ ರಾಶಿ ಬೀಳುತ್ತದೆ. ಪ್ರಿಂಟ್ ಕೊಡಲು ಆ ಕೋಶ ತೆರೆದಾಗ ಎದುರು ನಿಂತವರಿಗೆ ಹಿಂದಿನವರ ಪಾನ್ ಕಾರ್ಡ್, ಮದುವೆ ಸರ್ಟಿಫಿಕೇಟ್ ಎಲ್ಲ ಸಾಲಾಗಿ ಕಾಣುತ್ತವೆ. ಅಂಗಡಿಯವರು ಕೆಟ್ಟವರಲ್ಲ, ಅಳಿಸಲು ಪುರುಸೊತ್ತಿಲ್ಲ. ಸಂಕೋಚಪಡದೆ ಕೇಳಿ: ‘ಅಣ್ಣಾ, ಪ್ರಿಂಟ್ ಬಂತಲ್ಲ, ಅದನ್ನ ಡಿಲೀಟ್ ಮಾಡಿ, ರೀಸೈಕಲ್ ಬಿನ್ನಿಂದಲೂ ತೆಗೀರಿ.’ ನಿಮ್ಮ ಕಡೆಯಿಂದ ಆ ಸಂದೇಶವನ್ನು ‘ಡಿಲೀಟ್ ಫಾರ್ ಎವ್ರಿಒನ್’ ಮಾಡಿ. ಸರ್ಕಾರಿ ಕೆಲಸಕ್ಕೆ ಪೂರ್ತಿ ದಾಖಲೆಯ ಅನುವಾದವೇ ಬೇಕಾದರೆ ಜೆರಾಕ್ಸ್ ಪ್ರತಿಯನ್ನು ಕೈಯಲ್ಲಿ ಕೊಡಿ. ಅಕ್ಷರಗಳು ಓದಲು ಬರುವಂತೆ ಅದರ ಮೇಲೆ ಅಡ್ಡಲಾಗಿ ‘ಅನುವಾದಕ್ಕೆ ಮಾತ್ರ’ ಎಂದು ತಾರೀಕು ಸಮೇತ ಬರೆದು ಸಹಿ ಮಾಡಿ. ಮೋಸ ಮಾಡಲೇಬೇಕೆಂದು ಹೊರಟವನನ್ನು ಇದು ನಿಲ್ಲಿಸದು, ಆದರೆ ಆ ಪ್ರತಿಯನ್ನು ಸಿಮ್ಮಿಗೋ ಸಾಲಕ್ಕೋ ಬಳಸುವುದು ಕಷ್ಟವಾಗುತ್ತದೆ.

ಫೋಟೊ ಆಗಲೇ ಹೋಗಿಬಿಟ್ಟಿದ್ದರೆ? ಕಳಿಸಿ ಸುಮಾರು ಎರಡೂವರೆ ದಿನದೊಳಗಾದರೆ ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರ ಚಾಟ್‌ನಿಂದ ಅಳಿಸಬಹುದು. ಆದರೂ ಯಾರಾದರೂ ಬೇರೆಡೆ ಉಳಿಸಿಕೊಂಡಿದ್ದರೆ ಅದು ಹೋಗುವುದಿಲ್ಲ. ಗಡುವು ಮೀರಿದ್ದರೆ ಅವರವರ ಫೋನಿನಿಂದ ಅಳಿಸಲು ಗ್ರೂಪಿನವರನ್ನೇ ಕೇಳಿ. ಆಧಾರ್ ಸಂಖ್ಯೆ ಹೋಗಿದ್ದರೆ ಎಂಆಧಾರ್ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿ. ಬೆರಳಚ್ಚಿನ ನಕಲು ಯಾರ ಬಳಿ ಇದ್ದರೂ ಆಗ ಕೆಲಸ ಮಾಡದು. ರೇಷನ್ ಅಂಗಡಿಯಲ್ಲಿ ಬೆರಳು ಕೊಡುವ ಮುಂಚೆ ಸ್ವಲ್ಪ ಹೊತ್ತು ತೆರೆಯಬೇಕಾಗುತ್ತದೆ, ಅಷ್ಟು ತೊಂದರೆ ಇದೆ. ಆಧಾರ್ ಎಲ್ಲೆಲ್ಲಿ ಬಳಕೆಯಾಯಿತು ಎಂಬ ಆರು ತಿಂಗಳ ವಿವರ ಪ್ರಾಧಿಕಾರದ ತಾಣದಲ್ಲೇ ಸಿಗುತ್ತದೆ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು sancharsaathi.gov.in ತೋರಿಸುತ್ತದೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕಾನೂನಿನಿಂದ ಹೆಚ್ಚು ನಿರೀಕ್ಷಿಸಬೇಡಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಅದರ ನಂತರ 2023ರಲ್ಲಿ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಕೆಲಸಕ್ಕೆ ಬಳಸುವ ಮಾಹಿತಿಗೆ ಈ ಕಾಯ್ದೆ ಅನ್ವಯಿಸದು. ನಾವೇ ಸಾರ್ವಜನಿಕವಾಗಿ ಹಾಕಿದ ಮಾಹಿತಿಗೂ ಅನ್ವಯಿಸದು. ಗ್ರೂಪಿನ ಪರಿಚಯದವರ ಫೋನಿನಲ್ಲಿ ಉಳಿದ ತಾಯಿ ಕಾರ್ಡಿನ ಫೋಟೊ ಬಹುಪಾಲು ಇದರ ಕೈಗೆ ಸಿಗುವುದಿಲ್ಲ.

ಆರೋಗ್ಯ ಇಲಾಖೆಗೆ ಒಂದು ಮನವಿ. ತಾಯಿ ಕಾರ್ಡನ್ನು ಮುಂದಿನ ಸಲ ಅಚ್ಚು ಹಾಕಿಸುವಾಗ ಹೆಸರು, ವಿಳಾಸ, ಬ್ಯಾಂಕ್ ಖಾತೆಯ ಪುಟವನ್ನು ಬೇರೆ ಮಾಡಿ, ಮಾತ್ರೆ ಮತ್ತು ಮುಂದಿನ ತಪಾಸಣೆಯ ವಿವರವನ್ನು ಹೆಸರಿಲ್ಲದ ಒಂದು ಬಿಡಿ ಚೀಟಿಯಲ್ಲಿ, ಚಿತ್ರಗಳ ಜೊತೆ ಹಿಂದಿ, ಉರ್ದು, ತಮಿಳು, ಬಂಗಾಳಿ, ಒಡಿಯಾದಲ್ಲೂ ಕೊಡಿ. ಅಲ್ಲಿಯವರೆಗೆ, ಗ್ರೂಪ್ ನಡೆಸುವವರೇ, ನಿಮ್ಮ ಗ್ರೂಪಿಗೆ ಯಾರದಾದರೂ ಆಸ್ಪತ್ರೆಯ ಕಾಗದ ಬಂದರೆ ಮೊದಲು ಅದನ್ನು ಅಳಿಸಿ, ಆಮೇಲೆ ಅವರಿಗೆ ಫೋನ್ ಮಾಡಿ ಅದರಲ್ಲಿ ಏನು ಬರೆದಿದೆ ಎಂದು ಹೇಳಿ.